ಮುಚ್ಚುವ ಮೊದಲು ನೋಡೋಣ
ಪಾಯದಿಂದ ಬಣ್ಣದವರೆಗೆ ಮನೆ ಕಟ್ಟುವ ಕೆಲಸ

ಬಿಂಕದಕಟ್ಟಿ ನಮ್ಮ ಗದಗ ತಾಲೂಕಿನ ಊರು. ಗದಗದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಇದೆ. ಇಲ್ಲಿ ಪ್ರಾಣಿ ಸಂಗ್ರಹಾಲಯ ಇರುವುದರಿಂದ ದೂರದವರಿಗೂ ಈ ಊರಿನ ಹೆಸರು ಗೊತ್ತು. ಈ ಊರಿನಲ್ಲಿ ನಾವು ಒಂದು ಸಣ್ಣ ಮನೆ ಕಟ್ಟಿಸುತ್ತೇವೆ ಎಂದು ತಿಳಿಯೋಣ. ಉದ್ದ 20 ಅಡಿ, ಅಗಲ 15 ಅಡಿ. ನಡುವೆ ಒಂದು ಗೋಡೆ. ಆ ಕಡೆ ಪಡಸಾಲೆ, ಈ ಕಡೆ ಅಡಿಗೆ ಮನೆ. ಮೇಲೆ ಸ್ಲ್ಯಾಬು.

ಈ ಮನೆಗೆ ಎಷ್ಟು ಜನ ಕೆಲಸದವರು ಬರುತ್ತಾರೆ? ಅಗೆಯುವವರು ಬರುತ್ತಾರೆ. ಗೌಂಡಿ ಬರುತ್ತಾನೆ. ಬಡಿಗ ಬರುತ್ತಾನೆ. ಸೆಂಟ್ರಿಂಗ್‌ನವರು, ಸರಳು ಕಟ್ಟುವವರು, ಕಾಂಕ್ರೀಟ್ ಹಾಕುವವರು ಬರುತ್ತಾರೆ. ಕರೆಂಟಿನವರು, ನಳದವರು, ಫರಸಿ ಹಾಕುವವರು, ಕೊನೆಗೆ ಬಣ್ಣದವರು. ಒಬ್ಬರು ಹೋದ ಮೇಲೆ ಒಬ್ಬರು ಬರುತ್ತಾರೆ.

ಇದರಲ್ಲಿ ಒಂದು ಮಾತು ತಿಳಿಯಬೇಕು. ಹಿಂದಿನವರ ಕೆಲಸವನ್ನು ಮುಂದಿನವರು ಮುಚ್ಚುತ್ತಾರೆ. ಪಾಯವನ್ನು ಮಣ್ಣು ಮುಚ್ಚುತ್ತದೆ. ಸರಳನ್ನು ಕಾಂಕ್ರೀಟ್ ಮುಚ್ಚುತ್ತದೆ. ಇಟ್ಟಂಗಿಯನ್ನು ಗಿಲಾವು ಮುಚ್ಚುತ್ತದೆ. ಗಿಲಾವನ್ನು ಬಣ್ಣ ಮುಚ್ಚುತ್ತದೆ. ಮುಚ್ಚಿದ ಮೇಲೆ ತಪ್ಪು ಕಾಣುವುದಿಲ್ಲ. ಒಂದೆರಡು ವರ್ಷ ಬಿಟ್ಟು ಬಿರುಕಾಗಿ, ಸೋರಿಕೆಯಾಗಿ ಹೊರಗೆ ಬರುತ್ತದೆ. ಆಗ ರೊಕ್ಕ ಮುಗಿದಿರುತ್ತದೆ. ಗೌಂಡಿ ಬೇರೆ ಊರಿಗೆ ಹೋಗಿರುತ್ತಾನೆ.

ಆದ್ದರಿಂದ ಪ್ರತಿ ಕೆಲಸ ಮುಚ್ಚಿ ಹೋಗುವ ಮೊದಲು ನಾವು ನೋಡಬೇಕು. ಏನು ನೋಡಬೇಕು? ಒಂದೊಂದಾಗಿ ತಿಳಿಯೋಣ.

ಹಗ್ಗ ಹಿಡಿದು ಗುರುತು

ಮೊದಲು ಜಾಗ ಸ್ವಚ್ಛ ಮಾಡುತ್ತಾರೆ. ಗಿಡ, ಬೇರು, ಕಸ ತೆಗೆಯುತ್ತಾರೆ. ಗುದ್ದಲಿ ಪೂಜೆ ಆಗುತ್ತದೆ. ಆಮೇಲೆ ಗೌಂಡಿ ಗೂಟ ಬಡಿದು, ದಾರ ಕಟ್ಟಿ, ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾನೆ.

ಮನೆಯ ಮೂಲೆಗಳು ನೆಟ್ಟಗೆ ಇರಬೇಕು. ಗೆರೆ ಸೊಟ್ಟ ಆದರೆ ಗೋಡೆ ಸೊಟ್ಟ ಆಗುತ್ತದೆ. ಕೊನೆಗೆ ಫರಸಿ ಹಾಕುವಾಗ ಗೋಡೆ ಬದಿಯ ಕಲ್ಲುಗಳನ್ನೆಲ್ಲ ಓರೆಯಾಗಿ ಕೊಯ್ಯಬೇಕಾಗುತ್ತದೆ. ಮೊದಲ ದಿನದ ತಪ್ಪು ಕೊನೆಯ ದಿನ ಕಾಣುತ್ತದೆ.

ಮೂಲೆ ನೆಟ್ಟಗಿದೆಯೋ ಇಲ್ಲವೋ ನಾವೇ ಅಳೆಯಬಹುದು. ಒಂದು ಮೂಲೆಯಿಂದ ಎದುರಿನ ಮೂಲೆಗೆ ಟೇಪು ಹಿಡಿಯಿರಿ. ನಮ್ಮ ಮನೆ 20 ಅಡಿ ಉದ್ದ, 15 ಅಡಿ ಅಗಲ. ಹಾಗಾದರೆ ಓರೆ ಅಳತೆ ಸರಿಯಾಗಿ 25 ಅಡಿ ಬರಬೇಕು. ಇನ್ನೆರಡು ಮೂಲೆಗೆ ಹಿಡಿದರೂ 25 ಅಡಿಯೇ ಬರಬೇಕು. ಒಂದು ಕಡೆ 25 ಅಡಿ, ಇನ್ನೊಂದು ಕಡೆ 25 ಅಡಿ 6 ಇಂಚು ಬಂದರೆ ಗುರುತು ಸೊಟ್ಟ ಇದೆ. ಗೂಟ ಕಿತ್ತು ಮತ್ತೆ ಹೂಡಿಸಬೇಕು. ಈಗ ಗೂಟ ಸರಿಸುವುದಕ್ಕೆ ಖರ್ಚು ಇಲ್ಲ.

ನಿಮ್ಮ ಮನೆಯ ಅಳತೆ ಬೇರೆ ಇರಬಹುದು. ಆಗ ಎರಡು ಓರೆ ಅಳತೆಗಳೂ ಸಮ ಇವೆಯೇ ನೋಡಿದರೆ ಸಾಕು.

ಎರಿ ಮಣ್ಣು ಕಳೆದು ಗಟ್ಟಿ ನೆಲಕ್ಕೆ

ನಮ್ಮ ಸೀಮೆಯಲ್ಲಿ ಎರಿಯೂ ಇದೆ, ಮಸಾರಿಯೂ ಇದೆ. ಬೆಳೆಗೆ ಎರಿ ಒಳ್ಳೆಯದು. ಮನೆಗೆ ಎರಿ ಒಳ್ಳೆಯದಲ್ಲ. ಯಾಕೆ? ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಬಿಸಿಲಿಗೆ ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಾಗ ಕಾಲು ಸಿಕ್ಕುವಂಥ ಬಿರುಕು ಬಿಟ್ಟಿದ್ದನ್ನು ನಾವು ಎಲ್ಲರೂ ನೋಡಿದ್ದೇವೆ. ಹಾಗೆ ಏಳುವ, ಇಳಿಯುವ ಮಣ್ಣಿನ ಮೇಲೆ ಗೋಡೆ ಕುಳಿತರೆ ಗೋಡೆಯೂ ಏಳುತ್ತದೆ, ಇಳಿಯುತ್ತದೆ. ಎಲ್ಲ ಕಡೆ ಸಮನಾಗಿ ಏಳುವುದಿಲ್ಲ. ಆದ್ದರಿಂದ ಗೋಡೆ ಸೀಳುತ್ತದೆ.

ಪಾಯದ ತಗ್ಗು ಎಷ್ಟು ಆಳ ಇರಬೇಕು? ಇಷ್ಟೇ ಅಡಿ ಎಂದು ಎಲ್ಲ ಕಡೆಗೂ ಒಂದೇ ಲೆಕ್ಕ ಹೇಳಲು ಬರುವುದಿಲ್ಲ. ಎರಿ ಮುಗಿದು ಗರಸು ಹತ್ತುವ ತನಕ ಅಗೆಯಬೇಕು. ಒಂದು ಮನೆಗೆ ಮೂರು ಅಡಿಗೆ ಗರಸು ಸಿಗಬಹುದು. ಪಕ್ಕದ ಓಣಿಯಲ್ಲಿ ಐದು ಅಡಿಗೆ ಸಿಗಬಹುದು. ತಗ್ಗಿನ ತಳಕ್ಕೆ ಹಾರೆ ಬಡಿದು ನೋಡಿದರೆ ತಿಳಿಯುತ್ತದೆ. ಎರಿಯಲ್ಲಿ ಹಾರೆ ಮೆತ್ತಗೆ ಇಳಿಯುತ್ತದೆ. ಗರಸಿಗೆ ಹತ್ತಿದಾಗ ಟಣ್ ಎಂದು ಸಪ್ಪಳ ಬರುತ್ತದೆ.

"ಏನಪಾ ಗೌಂಡಿ, ಮೂರು ಫೂಟಿಗೇ ನಿಲ್ಲಿಸಿದಿ?"

"ಸಾಕಬೇ ಯವ್ವಾ, ಸಣ್ಣ ಮನಿ ಐತಿ. ಎಷ್ಟು ಭಾರ ಬರ್ತೈತಿ?"

"ಭಾರದ ಮಾತಲ್ಲಪಾ. ಹಾರಿ ಹಾಕಿ ನೋಡು, ಇನ್ನೂ ಎರಿನ ಬರಾಕತ್ತೈತಿ. ಗರಸು ಹತ್ತೂತನಕ ತಗೀರಿ."

ಇಷ್ಟು ಕೇಳಿದರೆ ಸಾಕು. ಕೆಲಸದವರು ಅಗೆಯುತ್ತಾರೆ. ಆಳಕ್ಕೆ ಅಗೆದರೂ ಎರಿಯೇ ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಇಂಜಿನಿಯರ್‌ಗೆ ತೋರಿಸಬೇಕು. ಅಂಥ ಕಡೆ ಪಾಯದ ರೀತಿಯೇ ಬೇರೆ ಇರುತ್ತದೆ.

ತಗ್ಗು ಆಳ ಆದಂತೆ ಅದರ ಬದಿ ಕುಸಿಯುವ ಭಯ ಇರುತ್ತದೆ. ತೆಗೆದ ಮಣ್ಣನ್ನು ತಗ್ಗಿನ ಅಂಚಿಗೇ ಒಟ್ಟಬಾರದು. ಮೂರು ಅಡಿ ದೂರ ಹಾಕಿಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಬುಟ್ಟಿ ಹೊರುವವರು ನಮ್ಮಂಥ ಹೆಣ್ಣುಮಕ್ಕಳೇ ಎಂಬುದು ನೆನಪಿರಲಿ.

ಅಗೆದ ತಗ್ಗನ್ನು ಬಹಳ ದಿನ ಬಿಡಬಾರದು. ಮಳೆ ಬಂದು ನೀರು ನಿಂತರೆ ತಳ ಕೆಸರಾಗುತ್ತದೆ. ಹಾಗೆ ಆದರೆ ನೀರು ತೆಗೆದು, ಕೆಸರನ್ನು ಕೆರೆದು, ಗಟ್ಟಿ ನೆಲ ಕಂಡ ಮೇಲೆಯೇ ಮುಂದಿನ ಕೆಲಸ. ಕೆಸರಿನ ಮೇಲೆ ಕಾಂಕ್ರೀಟ್ ಸುರಿಯಲು ಬಿಡಬಾರದು.

ಪಾಯ ಮತ್ತು ನೆಲಗಟ್ಟು

ಗಟ್ಟಿ ತಳದ ಮೇಲೆ ಗೌಂಡಿ ಖಡಿ, ಉಸುಕು, ಸಿಮೆಂಟ್ ಕಲಸಿ ಒಂದು ಹಾಸಿಗೆ ಹಾಕುತ್ತಾನೆ. ಅದರ ಮೇಲೆ ಕಲ್ಲಿನ ಕಟ್ಟಡ ಏಳುತ್ತದೆ. ಕೆಳಗೆ ಅಗಲ, ಮೇಲೆ ಬಂದಂತೆ ಕಡಿಮೆ. ಒನಕೆಗಿಂತ ಒರಳು ಅಗಲ ಇರುವಂತೆ. ಭಾರ ಅಗಲಕ್ಕೆ ಹರಡಲಿ ಎಂದು ಹೀಗೆ ಮಾಡುತ್ತಾರೆ.

ಕಲ್ಲಿನ ನಡುವೆ ಸಂದಿ ಇರುತ್ತದೆ. ಅದರಲ್ಲಿ ಸಿಮೆಂಟು, ಸಣ್ಣ ಚಕ್ಕೆ ತುಂಬಬೇಕು. ಕೆಲವರು ಎರಡು ಬದಿಗೆ ಚಂದ ಕಲ್ಲು ಇಟ್ಟು ನಡುವೆ ಮಣ್ಣು ತುಂಬುತ್ತಾರೆ. ಮೇಲಿನಿಂದ ಕಾಣುವುದಿಲ್ಲ. ಆದ್ದರಿಂದ ಕೆಲಸ ನಡೆದಾಗಲೇ ನಿಂತು ನೋಡಬೇಕು. ಒಂದು ತೆಳ್ಳನೆ ಸರಳನ್ನು ನಡುವೆ ಚುಚ್ಚಿ ನೋಡಿ. ಒಳಗೆ ಸಳಕ್ಕನೆ ಇಳಿದರೆ ಪೊಳ್ಳು ಇದೆ.

ಪಾಯ ನೆಲದಿಂದ ಮೇಲೆ ಬಂದ ಮೇಲೆ ಸುತ್ತ ಸರಳು ಹಾಕಿ ಕಾಂಕ್ರೀಟ್ ಪಟ್ಟಿ ಹಾಕುತ್ತಾರೆ. ಇದು ಮನೆಗೆ ಕಟ್ಟಿದ ನಡುಪಟ್ಟಿ ಇದ್ದಂತೆ. ಎಲ್ಲ ಗೋಡೆಗಳನ್ನೂ ಒಂದಾಗಿ ಹಿಡಿಯುತ್ತದೆ. ಎರಿ ಸೀಮೆಯಲ್ಲಿ ಇದನ್ನು ಬಿಡಲೇಬಾರದು.

ಆಮೇಲೆ ಒಳಗಿನ ನೆಲಕ್ಕೆ ಮಣ್ಣು ತುಂಬುತ್ತಾರೆ. ಇಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತದೆ. ಪಾಯದಿಂದ ತೆಗೆದ ಎರಿ ಮಣ್ಣು ಅಲ್ಲೇ ಬಿದ್ದಿರುತ್ತದೆ. "ಇದನ್ನೇ ತುಂಬೋಣ, ಗಾಡಿ ಖರ್ಚು ಉಳಿತೈತಿ" ಎನ್ನುತ್ತಾರೆ. ಹಾಗೆ ಮಾಡಬಾರದು. ಹೊರಗೆ ತೆಗೆದ ಪೀಡೆಯನ್ನು ಮತ್ತೆ ಒಳಗೆ ತಂದಂತೆ ಆಗುತ್ತದೆ. ಗರಸನ್ನೇ ತುಂಬಿಸಬೇಕು. ಅದನ್ನೂ ಒಮ್ಮೆಗೇ ಸುರಿಯಬಾರದು. ಅರ್ಧ ಅಡಿ ಹಾಕಬೇಕು, ನೀರು ಹೊಡೆಯಬೇಕು, ದಿಮ್ಮಸಿನಿಂದ ಬಡಿಯಬೇಕು. ಮತ್ತೆ ಅರ್ಧ ಅಡಿ. ಬಡಿಯದೆ ಬಿಟ್ಟರೆ ಮುಂದೆ ಫರಸಿ ಕುಸಿದು ತಗ್ಗು ಬೀಳುತ್ತದೆ.

ಗೋಡೆ

ಗೋಡೆ ಕಟ್ಟುವ ಮೊದಲು ಇಟ್ಟಂಗಿಯನ್ನು ನೀರಲ್ಲಿ ನೆನೆ ಹಾಕಬೇಕು. ನೀರಿಗೆ ಹಾಕಿದ ಕೂಡಲೇ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತಾಗ ಇಟ್ಟಂಗಿಗೆ ನೀರು ಸಾಕಾಗಿದೆ ಎಂದು ತಿಳಿಯಬೇಕು. ನೆನೆಸದ ಇಟ್ಟಂಗಿ ಸಿಮೆಂಟಿನಲ್ಲಿರುವ ನೀರನ್ನು ಕುಡಿದುಬಿಡುತ್ತದೆ. ನೀರಿಲ್ಲದ ಸಿಮೆಂಟು ಗಟ್ಟಿ ಆಗುವುದಿಲ್ಲ. ಪುಡಿಯಾಗಿ ಉದುರುತ್ತದೆ.

ಗೋಡೆಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು ಕಲಸುತ್ತಾರೆ. ನೀರು ಹಾಕಿ ಕಲಸಿದ ಮಾಲನ್ನು ಬೇಗ ಮುಗಿಸಬೇಕು. ಊಟಕ್ಕೆ ಹೋಗಿ ಬಂದು, ಬಿಗಿದುಕೊಂಡ ಮಾಲಿಗೆ ಮತ್ತೆ ನೀರು ಹಾಕಿ ಕಲಸಿದರೆ ಅದರ ಶಕ್ತಿ ಹೋಗಿರುತ್ತದೆ. ಆದ್ದರಿಂದ ಊಟದ ಹೊತ್ತಿಗೆ ಮುಂಚೆ ಹೊಸ ಮಾಲು ಕಲಸಲು ಬಿಡಬಾರದು.

ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿ ತೂಗುಗುಂಡು ಬಿಡುತ್ತಾನೆ. ನಮ್ಮಲ್ಲಿ ಓಳಂಬ ಎನ್ನುವುದೂ ಇದನ್ನೇ. ದಾರ ಮೇಲಿನಿಂದ ಕೆಳಗಿನವರೆಗೆ ಗೋಡೆಗೆ ಸಮ ದೂರದಲ್ಲಿ ಇರಬೇಕು. ನಾವೂ ಒಂದು ದಾರಕ್ಕೆ ಕಲ್ಲು ಕಟ್ಟಿ ನೋಡಬಹುದು. ಒಂದು ದಿನಕ್ಕೆ ಐದು ಅಡಿಗಿಂತ ಎತ್ತರ ಗೋಡೆ ಏರಿಸಬಾರದು. ಹಸಿ ಮಾಲು ಮೇಲಿನ ಭಾರ ತಡೆಯುವುದಿಲ್ಲ.

ಬಾಗಿಲ ಚೌಕಟ್ಟು ಗೋಡೆ ಏಳುವಾಗಲೇ ನಿಲ್ಲಬೇಕು. ಆದ್ದರಿಂದ ಬಡಿಗನಿಗೆ ಪಾಯದ ಕೆಲಸ ನಡೆದಾಗಲೇ ಹೇಳಿ ಇಡಬೇಕು. ಚೌಕಟ್ಟು ಬರಲಿಲ್ಲ ಎಂದು ಗೌಂಡಿಯ ಕೆಲಸ ನಿಂತರೆ ಅವನು ಬೇರೆ ಕೆಲಸ ಹಿಡಿಯುತ್ತಾನೆ. ಮತ್ತೆ ಅವನನ್ನು ಕರೆತರುವುದು ಕಷ್ಟ.

ಸಜ್ಜಾದ ಸರಳು ಮೇಲೆ

ಗೋಡೆ ಏಳು ಅಡಿ ಬಂದಾಗ ಬಾಗಿಲು, ಕಿಟಕಿಯ ಮೇಲೆ ಲಿಂಟಲ್ ಹಾಕುತ್ತಾರೆ. ಅದರಿಂದ ಮುಂದೆ ಚಾಚುವ ಹಾಸು ಸಜ್ಜಾ. ಬಿಸಿಲು, ಮಳೆ ತಡೆಯಲು ಅದು ಬೇಕು.

ಇಲ್ಲಿ ಒಂದು ಸಣ್ಣ ಪರೀಕ್ಷೆ ಮಾಡೋಣ. ರೊಟ್ಟಿ ಹಿಟ್ಟನ್ನು ಗಟ್ಟಿಯಾಗಿ ನಾದಿ ಉದ್ದ ಪಟ್ಟಿ ಮಾಡಿ. ಎರಡು ಬಟ್ಟಲ ಮೇಲೆ ಸೇತುವೆಯಂತೆ ಇಡಿ. ನಡುವೆ ಬೆರಳಿನಿಂದ ಒತ್ತಿ. ಪಟ್ಟಿ ಎಲ್ಲಿ ಹರಿಯುತ್ತದೆ? ಕೆಳಗಡೆ ಹರಿಯುತ್ತದೆ. ಈಗ ಇನ್ನೊಂದು ಪಟ್ಟಿಯನ್ನು ಮಣೆಯ ಅಂಚಿನಿಂದ ಹೊರಗೆ ಚಾಚಿ ಇಡಿ. ಒಳಗಿನ ತುದಿ ಹಿಡಿದು, ಹೊರಗಿನ ತುದಿಯನ್ನು ಒತ್ತಿ. ಈಗ ಎಲ್ಲಿ ಹರಿಯುತ್ತದೆ? ಮೇಲೆ ಹರಿಯುತ್ತದೆ.

ಕಾಂಕ್ರೀಟೂ ಹೀಗೆಯೇ. ಎಲ್ಲಿ ಹರಿಯುತ್ತದೆಯೋ ಅಲ್ಲಿ ಸರಳು ಬೇಕು. ಎರಡು ಗೋಡೆ ನಡುವಿನ ಲಿಂಟಲ್‌ಗೆ, ಸ್ಲ್ಯಾಬಿಗೆ ನಡುಭಾಗದಲ್ಲಿ ಮುಖ್ಯ ಸರಳು ಕೆಳಗಡೆ ಇರಬೇಕು. ಹೊರಗೆ ಚಾಚಿದ ಸಜ್ಜಾಕ್ಕೆ ಮುಖ್ಯ ಸರಳು ಮೇಲುಗಡೆ ಇರಬೇಕು. ಕಾಂಕ್ರೀಟ್ ಹಾಕುವಾಗ ಸರಳಿನ ಮೇಲೆ ನಿಂತು ತುಳಿದರೆ ಅದು ಕೆಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಸಜ್ಜಾ ಚಂದವೇ ಕಾಣುತ್ತದೆ. ಆದರೆ ಕೆಳಗಿನ ಆಧಾರ ತೆಗೆದ ದಿನವೋ, ಮೇಲೆ ಯಾರಾದರೂ ಹತ್ತಿದ ದಿನವೋ ಮುರಿದು ಬೀಳುತ್ತದೆ. ಇದರಿಂದ ಜೀವ ಹೋಗುತ್ತದೆ. ಆದ್ದರಿಂದ ಸಜ್ಜಾದ ಸರಳನ್ನು ಕಾಂಕ್ರೀಟ್ ಹಾಕುವ ಮೊದಲು ಒಮ್ಮೆ ನೋಡಬೇಕು, ಹಾಕುವಾಗ ಇನ್ನೊಮ್ಮೆ ನೋಡಬೇಕು.

ಸ್ಲ್ಯಾಬು: ಒಂದು ದಿನದ ಕೆಲಸ

ಸ್ಲ್ಯಾಬಿಗೆ ನಾಲ್ಕು ಜನರ ಕೆಲಸ ಕೂಡುತ್ತದೆ. ಮೊದಲು ಸೆಂಟ್ರಿಂಗ್‌ನವರು ಹಲಗೆ, ತಗಡು ಹಾಸಿ ಕೆಳಗೆ ಕಂಬ ಕೊಡುತ್ತಾರೆ. ಆಮೇಲೆ ಸರಳು ಕಟ್ಟುವವರು ಬರುತ್ತಾರೆ. ಅವರ ನಂತರ ಕರೆಂಟಿನವರು ಬಂದು ಪೈಪು, ಫ್ಯಾನಿನ ಡಬ್ಬಿ ಇಡುತ್ತಾರೆ. ಕೊನೆಗೆ ಕಾಂಕ್ರೀಟ್. ಕರೆಂಟಿನವರನ್ನು ಕರೆಯಲು ಮರೆತರೆ ಮುಂದೆ ಗಟ್ಟಿ ಸ್ಲ್ಯಾಬನ್ನೇ ಒಡೆಯಬೇಕಾಗುತ್ತದೆ.

ಸರಳು ತಗಡಿಗೆ ಹತ್ತಿಕೊಂಡು ಮಲಗಿರಬಾರದು. ಅದರ ಕೆಳಗೆ ಮುಕ್ಕಾಲು ಇಂಚು ದಪ್ಪದ ಸಿಮೆಂಟ್ ಬಿಲ್ಲೆ ಇಡಬೇಕು. ಆಗ ಸರಳಿನ ಕೆಳಗೂ ಕಾಂಕ್ರೀಟ್ ಹೋಗುತ್ತದೆ. ಬಿಲ್ಲೆ ಇಡದಿದ್ದರೆ ಸರಳು ಹೊರಗೆ ಕಾಣುತ್ತದೆ, ಜಂಗು ಹಿಡಿಯುತ್ತದೆ, ಮುಂದೆ ಮಾಡಿನ ಚಕ್ಕೆ ಉದುರುತ್ತದೆ.

ಈಗ ಸಿಮೆಂಟಿನ ಲೆಕ್ಕ ಮಾಡೋಣ. ನಮ್ಮ ಸ್ಲ್ಯಾಬು 20 ಅಡಿ ಉದ್ದ, 15 ಅಡಿ ಅಗಲ. 20 ಗುಣಿಸು 15 ಅಂದರೆ 300 ಚದರ ಅಡಿ. ದಪ್ಪ 5 ಇಂಚು. 300ನ್ನು 12ರಿಂದ ಭಾಗಿಸಿದರೆ 25. 25ನ್ನು 5ರಿಂದ ಗುಣಿಸಿದರೆ 125. ಅಂದರೆ 125 ಘನ ಅಡಿ ಕಾಂಕ್ರೀಟ್ ಬೇಕು.

ಒಂದು ಚೀಲ ಸಿಮೆಂಟಿಗೆ ಅದರ ಒಂದೂವರೆಯಷ್ಟು ಉಸುಕು, ಮೂರರಷ್ಟು ಖಡಿ ಹಾಕುತ್ತಾರೆ. ಇದರಿಂದ ಸುಮಾರು ನಾಲ್ಕೂವರೆ ಘನ ಅಡಿ ಕಾಂಕ್ರೀಟ್ ಆಗುತ್ತದೆ. ಹಾಗಾದರೆ 125 ಘನ ಅಡಿಗೆ ಸುಮಾರು 28 ಚೀಲ ಬೇಕು. ಸಂಜೆ ಖಾಲಿ ಚೀಲ ಎಣಿಸಿ ನೋಡಿ. 20 ಚೀಲ ಮಾತ್ರ ಇದ್ದರೆ ಸ್ಲ್ಯಾಬಿಗೆ ಸಿಮೆಂಟು ಕಡಿಮೆ ಬಿದ್ದಿದೆ, ಇಲ್ಲವೇ ಸ್ಲ್ಯಾಬು ತೆಳ್ಳಗಾಗಿದೆ. ಸಂಜೆಗೆ ತಿಳಿದರೆ ಉಪಯೋಗ ಕಡಿಮೆ. ಅದಕ್ಕೆ ಮಧ್ಯಾಹ್ನವೇ ಒಮ್ಮೆ ಎಣಿಸಬೇಕು. ಅರ್ಧ ಸ್ಲ್ಯಾಬು ಆಗಿದ್ದರೆ 14 ಚೀಲ ಆಗಿರಬೇಕು.

ನೀರಿಗೂ ಲೆಕ್ಕ ಇದೆ. ಒಂದು ಚೀಲ ಸಿಮೆಂಟಿಗೆ ಹೆಚ್ಚೆಂದರೆ 30 ಲೀಟರ್ ನೀರು. 15 ಲೀಟರಿನ ಕೊಡ ಆದರೆ ಎರಡು ಕೊಡ. ಉಸುಕು ಹಸಿ ಇದ್ದರೆ ಇನ್ನೂ ಕಡಿಮೆ. ಕೆಲಸದವರು ಇನ್ನೊಂದು ಕೊಡ ಸುರಿಯುತ್ತಾರೆ. ಯಾಕೆಂದರೆ ತೆಳ್ಳಗಿನ ಮಾಲು ಸುರುವಲು ಸುಲಭ. ಆದರೆ ಹೆಚ್ಚಿನ ನೀರು ಆರಿ ಹೋದ ಮೇಲೆ ಆ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಆ ತೂತಿನಿಂದಲೇ ಮಳೆಗಾಲದಲ್ಲಿ ಮಾಡು ಸೋರುತ್ತದೆ.

"ಯಕ್ಕಾ, ಇನ್ನೊಂದು ಕೊಡ ನೀರು ತಾ. ಮಾಲು ಬಿರುಸಾಗೈತಿ."

"ಎರಡು ಕೊಡ ಹಾಕೇವಲ್ಲೋ ತಮ್ಮಾ. ನೀರು ಬ್ಯಾಡ, ವೈಬ್ರೇಟರ್ ಹಿಡೀರಿ."

ವೈಬ್ರೇಟರ್ ಎಂದರೆ ಕಾಂಕ್ರೀಟನ್ನು ನಡುಗಿಸಿ ಕೂರಿಸುವ ಯಂತ್ರ. ಅದನ್ನು ಹಿಡಿದರೆ ಗಟ್ಟಿ ಮಾಲೂ ಸಂದಿಗೆ ಇಳಿಯುತ್ತದೆ.

ನೀರುಣಿಸುವ ಕೆಲಸ

ಸ್ಲ್ಯಾಬು ಹಾಕಿದ ಮರುದಿನ ಕೆಲಸದವರು ಯಾರೂ ಇರುವುದಿಲ್ಲ. ಆದರೆ ಕೆಲಸ ನಿಂತಿಲ್ಲ. ಸಿಮೆಂಟು ಒಣಗಿ ಗಟ್ಟಿ ಆಗುವುದಿಲ್ಲ. ನೀರು ಕುಡಿದು ಗಟ್ಟಿ ಆಗುತ್ತದೆ. ಈ ಮಾತು ಬಹಳ ಜನಕ್ಕೆ ಗೊತ್ತಿಲ್ಲ.

ಸ್ಲ್ಯಾಬಿನ ಮೇಲೆ ಸಣ್ಣ ಸಣ್ಣ ಬದು ಹಾಕಿ, ಭತ್ತದ ಗದ್ದೆಯ ಮಡಿಯಂತೆ ಮಾಡಿ ನೀರು ನಿಲ್ಲಿಸಬೇಕು. ಈಗ ಅಂಗಡಿಯಲ್ಲಿ ಸಿಗುವ ಸಿಮೆಂಟಿನಲ್ಲಿ ಹಾರುಬೂದಿ ಬೆರೆಸಿದ್ದೇ ಹೆಚ್ಚು. ಅದಕ್ಕೆ ಕಡಿಮೆ ಎಂದರೂ 10 ದಿನ ನೀರು ಬೇಕು. ನಮ್ಮ ಬಿಸಿಲಿಗೆ 14 ದಿನ ನಿಲ್ಲಿಸಿದರೆ ಒಳ್ಳೆಯದು. ಗೋಡೆಗೂ ದಿನಾ ಎರಡು ಮೂರು ಸಲ ನೀರು ಹೊಡೆಯಬೇಕು. ಈ ಕೆಲಸ ಹೆಚ್ಚಾಗಿ ನಮ್ಮ ಪಾಲಿಗೇ ಬರುತ್ತದೆ. ಎರಡು ದಿನ ನೀರು ಒಣಗಿ, ಮೂರನೇ ದಿನ ಎರಡು ಪಟ್ಟು ಹಾಕಿದರೆ ನಡೆಯುವುದಿಲ್ಲ. ಒಣಗಲು ಬಿಡಬಾರದು.

ಕೆಳಗಿನ ಕಂಬ ಯಾವಾಗ ತೆಗೆಯಬೇಕು? ಸೆಂಟ್ರಿಂಗ್‌ನವರಿಗೆ ಅವಸರ ಇರುತ್ತದೆ. ಅದೇ ತಗಡು, ಕಂಬ ಇನ್ನೊಂದು ಮನೆಗೆ ಬೇಕು. ಆದರೂ ನಮ್ಮ ಸಣ್ಣ ಮನೆಗೆ 14 ದಿನ ಆಗುವ ತನಕ ತೆಗೆಯಲು ಬಿಡದಿರುವುದು ಒಳ್ಳೆಯದು. ದೊಡ್ಡ ತೊಲೆ ಇದ್ದರೆ 21 ದಿನ. ಕಾಂಕ್ರೀಟ್ ಹಾಕಿದ ತಾರೀಖನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಇಡಿ. ಆಗ ವಾದ ಆಗುವುದಿಲ್ಲ.

ಗಿಲಾವು, ಫರಸಿ, ಬಣ್ಣ

ಕಂಬ ತೆಗೆದ ಮೇಲೆ ಗಿಲಾವು, ಅಂದರೆ ಪ್ಲಾಸ್ಟರ್. ಆದರೆ ಅದಕ್ಕೂ ಮೊದಲು ಗೋಡೆಯೊಳಗೆ ಹೋಗುವುದೆಲ್ಲ ಹೋಗಬೇಕು. ಕರೆಂಟಿನವರು ಗೋಡೆ ಕೊರೆದು ಪೈಪು ಇಡಬೇಕು. ನಳದವರು ನೀರಿನ ಪೈಪು ಇಡಬೇಕು. ನಳದ ಪೈಪಿಗೆ ನೀರು ತುಂಬಿ, ಒಂದು ದಿನ ಬಿಟ್ಟು, ಎಲ್ಲೂ ಜಿನುಗುವುದಿಲ್ಲ ಎಂದು ನೋಡಿದ ಮೇಲೆ ಮುಚ್ಚಬೇಕು. ಗೂಡು, ಮೊಳೆ, ಸ್ವಿಚ್ಚು ಎಲ್ಲಿ ಬೇಕು ಎಂದು ನಾವು ಈಗಲೇ ಹೇಳಬೇಕು. ಅಡಿಗೆ ಮಾಡುವವರು ನಾವು. ಗಿಲಾವು ಆದ ಮೇಲೆ ಹೇಳಿದರೆ ಗೋಡೆ ಒಡೆಯಬೇಕು.

ಗಿಲಾವು ಮೇಲಿನಿಂದ ಕೆಳಗೆ ಬರುತ್ತದೆ. ಮೊದಲು ಮಾಡು, ಆಮೇಲೆ ಗೋಡೆ. ಮೇಲಿನ ಮಾಲು ಬಿದ್ದು ಕೆಳಗಿನ ಕೆಲಸ ಹೊಲಸಾಗಬಾರದು ಎಂದು ಹೀಗೆ. ಗಿಲಾವಿಗೂ ನೀರುಣಿಸಬೇಕು. ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಗಡಿಗೆ ಬಡಿದು ಕೊಳ್ಳುತ್ತೇವಲ್ಲ, ಹಾಗೆ. ಟೊಳ್ಳು ಸಪ್ಪಳ ಬಂದ ಕಡೆ ಗಿಲಾವು ಗೋಡೆಗೆ ಹತ್ತಿಲ್ಲ. ಅಲ್ಲಿ ಕಿತ್ತು ಮತ್ತೆ ಮಾಡಿಸಬೇಕು.

ಆಮೇಲೆ ಫರಸಿ. ಬಚ್ಚಲದ ನೆಲ ಮೋರಿಯ ಕಡೆ ಇಳಿಜಾರು ಇರಬೇಕು. ಫರಸಿ ಹಾಕುವವರು ಹೋಗುವ ಮೊದಲು ಒಂದು ಚೆರಿಗೆ ನೀರು ಚೆಲ್ಲಿ ನೋಡಿ. ನೀರು ತಾನೇ ಮೋರಿಗೆ ಹೋಗಬೇಕು. ಮೂಲೆಯಲ್ಲಿ ನಿಲ್ಲಬಾರದು.

ಕೊನೆಗೆ ಬಾಗಿಲು, ಕಿಟಕಿಯ ಕದ, ಆಮೇಲೆ ಬಣ್ಣ. ಗೋಡೆ ಪೂರ್ತಿ ಆರಿದ ಮೇಲೆ ಬಣ್ಣ ಹಚ್ಚಬೇಕು. ಹಸಿ ಗೋಡೆಗೆ ಹಚ್ಚಿದರೆ ಗುಳ್ಳೆ ಎದ್ದು ಸಿಪ್ಪೆಯಂತೆ ಬಿಡುತ್ತದೆ. ಮನೆ ಒಕ್ಕಲಿಗೆ ಮೊದಲೇ ದಿನ ಗೊತ್ತು ಮಾಡಿದರೆ ಎಲ್ಲರೂ ಅವಸರ ಮಾಡುತ್ತಾರೆ. ಅವಸರದಲ್ಲಿ ಕಡಿಮೆ ಆಗುವುದು ನೀರುಣಿಸುವ ದಿನ ಮತ್ತು ಆರುವ ದಿನ. ಆದ್ದರಿಂದ ಗಿಲಾವು ಮುಗಿದ ಮೇಲೆ ದಿನ ತೆಗೆಸುವುದು ಒಳ್ಳೆಯದು.

ಕೊನೆಯ ಕೆಲಸ ಮೊದಲಿನದನ್ನು ಕಾಯುತ್ತದೆ

ಬಣ್ಣ ಆದರೆ ಮನೆ ಮುಗಿಯಿತು ಎಂದು ಬಹಳ ಮಂದಿ ತಿಳಿಯುತ್ತಾರೆ. ಎರಿ ಸೀಮೆಯಲ್ಲಿ ಇನ್ನೊಂದು ಕೆಲಸ ಇದೆ. ಮನೆಯ ಹೊರಗೆ ಸುತ್ತಲೂ ಮೂರು ಅಡಿ ಅಗಲ ಕಲ್ಲಿನ ಅಥವಾ ಕಾಂಕ್ರೀಟಿನ ಹಾಸು ಹಾಕಬೇಕು. ಅದು ಹೊರಗಡೆಗೆ ಇಳಿಜಾರು ಇರಬೇಕು. ಆಗ ಮಳೆ ನೀರು ಪಾಯದ ಬುಡಕ್ಕೆ ಇಳಿಯುವುದಿಲ್ಲ. ಬಚ್ಚಲ ನೀರು, ಪಾತ್ರೆ ತೊಳೆದ ನೀರನ್ನೂ ಗೋಡೆಯ ಬುಡಕ್ಕೆ ಬಿಡದೆ ದೂರ ಸಾಗಿಸಬೇಕು. ದೊಡ್ಡ ಗಿಡವನ್ನು ಗೋಡೆಯ ಹತ್ತಿರ ಹಚ್ಚಬಾರದು. ಅದರ ಬೇರು ನೀರು ಹೀರಿ ಮಣ್ಣನ್ನು ಕುಗ್ಗಿಸುತ್ತದೆ.

ಮನೆಯಲ್ಲಿ ಇದ್ದ ಮೇಲೆ ಗೋಡೆಯಲ್ಲಿ ಬಿರುಕು ಕಂಡರೆ ಹೆದರುವ ಮೊದಲು ನೋಡಿ. ಜೇಡರ ಬಲೆಯಂಥ ಸಣ್ಣ ಕೂದಲು ಬಿರುಕು ಗಿಲಾವಿನದು. ಅದರಿಂದ ಮನೆಗೆ ಭಯ ಇಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚುವ ಬಿರುಕು ಪಾಯದ್ದು. ಅದನ್ನು ಸಿಮೆಂಟಿನಿಂದ ಮೆತ್ತಿದರೆ ಮತ್ತೆ ಬಿಡುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆದರೆ ಇಂಜಿನಿಯರ್‌ಗೆ ತೋರಿಸಿ.

ರೊಕ್ಕ ಮತ್ತು ವಹಿ

ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಸಿಕ್ಕರೆ ರೊಕ್ಕ ಒಮ್ಮೆಗೇ ಬರುವುದಿಲ್ಲ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಕಡಿಮೆ ಎಂದರೂ 25 ಚದರ ಮೀಟರ್ ಇರಬೇಕು. ನಾವು ಲೆಕ್ಕ ಮಾಡಿದ ಮನೆ ಸುಮಾರು 28 ಚದರ ಮೀಟರ್ ಆಗುತ್ತದೆ. ಕೆಲಸ ಆದಂತೆ, ಫೋಟೊ ತೆಗೆದು, ಕಂತು ಕಂತಾಗಿ ರೊಕ್ಕವನ್ನು ಖಾತೆಗೆ ಹಾಕುತ್ತಾರೆ. ಎಷ್ಟು, ಯಾವಾಗ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ಬರೆದುಕೊಳ್ಳಿ.

ನಾವೂ ಗೌಂಡಿಗೆ ಹಾಗೆಯೇ ಕೊಡಬೇಕು. ಪಾಯ ನೋಡಿ ಪಾಯದ್ದು. ಗೋಡೆ ನೋಡಿ ಗೋಡೆಯದು. ಸ್ಲ್ಯಾಬು ನೋಡಿ ಸ್ಲ್ಯಾಬಿನದು. ಸ್ವಲ್ಪ ರೊಕ್ಕ ಕೊನೆಗೆ ಉಳಿಸಿಕೊಳ್ಳಬೇಕು. ಮುಂಗಡವಾಗಿ ಎಲ್ಲ ಕೊಟ್ಟರೆ ಟೊಳ್ಳು ಗಿಲಾವು ಕಿತ್ತು ಮತ್ತೆ ಮಾಡು ಎಂದು ಹೇಳುವ ಬಲ ನಮಗೆ ಇರುವುದಿಲ್ಲ. ಕೆಲಸ ಸರಿ ಇದ್ದರೆ ದುಡಿದವರ ರೊಕ್ಕವನ್ನು ಅದೇ ದಿನ ಕೊಡಬೇಕು.

ಒಂದು ವಹಿ ಇಡಿ. ಅದರಲ್ಲಿ ಹೀಗೆ ಬರೆಯಿರಿ:

ತಾರೀಖು:
ಯಾವ ಕೆಲಸ:
ಯಾರು ಮಾಡಿದರು:
ಸಿಮೆಂಟ್ ಎಷ್ಟು ಚೀಲ:
ಮುಚ್ಚುವ ಮೊದಲು ನೋಡಿದವರು:
ಕೊಟ್ಟ ರೊಕ್ಕ:
ರೊಕ್ಕ ಪಡೆದವರ ಸಹಿ:

ಓದಿ, ಉತ್ತರ ಬರೆಯಿರಿ

1. ನಿಮ್ಮ ಮನೆ ಇರುವ ಜಾಗ ಎರಿಯೋ, ಮಸಾರಿಯೋ?
2. ಪಾಯದಿಂದ ತೆಗೆದ ಎರಿ ಮಣ್ಣನ್ನು ಮನೆಯೊಳಗೆ ಯಾಕೆ ತುಂಬಬಾರದು?
3. ಸಜ್ಜಾದ ಮುಖ್ಯ ಸರಳು ಎಲ್ಲಿರಬೇಕು? ಹಿಟ್ಟಿನ ಪಟ್ಟಿ ಮಾಡಿ ತೋರಿಸಿ.
4. 24 ಅಡಿ ಉದ್ದ, 15 ಅಡಿ ಅಗಲ, 5 ಇಂಚು ದಪ್ಪದ ಸ್ಲ್ಯಾಬಿಗೆ ಎಷ್ಟು ಘನ ಅಡಿ ಕಾಂಕ್ರೀಟ್ ಬೇಕು? ಸುಮಾರು ಎಷ್ಟು ಚೀಲ ಸಿಮೆಂಟ್ ಬೇಕು?
5. ಮಾರ್ಚ್ 3ಕ್ಕೆ ಸ್ಲ್ಯಾಬು ಹಾಕಿದರೆ 14 ದಿನ ಯಾವ ತಾರೀಖಿಗೆ ತುಂಬುತ್ತದೆ?